ಆರು ಸಾಲಿನ ಕೋಡ್‌ಗೂ ಒಂದು ವಿಳಾಸ ಇರಲಿ

ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಬಿಇ ಓದಲು ಹೋದ ನಮ್ಮಂಥವರ ಪ್ರಾಜೆಕ್ಟ್‌ಗಳು ಸೊನ್ನೆಯಿಂದ ಶುರುವಾಗುವುದು ಕಡಿಮೆ. ಸೀನಿಯರ್‌ಗಳ ಪೆನ್‌ಡ್ರೈವ್‌ನಿಂದ ಒಂದಷ್ಟು, ಗಿಟ್‌ಹಬ್‌ನಿಂದ ಒಂದಷ್ಟು, ಸ್ಟ್ಯಾಕ್ ಓವರ್‌ಫ್ಲೋದಿಂದ ಇನ್ನಷ್ಟು ಕೋಡ್ ಬಂದು ಸೇರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಕೋಡ್ ಮಾತ್ರ ಬಂದು, ಅದು ಬಂದ ವಿಳಾಸ ಹಿಂದೆಯೇ ಉಳಿಯುತ್ತದಲ್ಲ, ನನ್ನ ತಕರಾರು ಅದರ ಬಗ್ಗೆ.

ಈ ವರ್ಷ ನಮ್ಮ ತಂಡ ಮುಂದುವರಿಸಲು ತೆಗೆದುಕೊಂಡ ಹಳೆಯ ಪ್ರಾಜೆಕ್ಟ್, ಗಜೇಂದ್ರಗಡದ ಕೈಮಗ್ಗದ ಸೀರೆಗಳ ಫೋಟೊ ಇಡುವ ಒಂದು ಜಾವಾ ಆ್ಯಪ್. ಪ್ರತಿ ಫೋಟೊದ ಕೆಳಗೆ ಅದರ ಗಾತ್ರವನ್ನು ಕೆಬಿ, ಎಂಬಿಯಲ್ಲಿ ತೋರಿಸಲು ಆರು ಸಾಲಿನ ಫಂಕ್ಷನ್ ಇತ್ತು. ಮೇಲೆ ಒಂದೇ ಒಂದು ಕಾಮೆಂಟ್ ಇರಲಿಲ್ಲ. ಆದರೆ ಒಳಗೆ `kMGTPE` ಎಂಬ ವಿಚಿತ್ರ ಅಕ್ಷರಮಾಲೆ ಇತ್ತು. ಅದನ್ನು ಹುಡುಕಿದರೆ ಕೋಡ್‌ನ ತವರು ಸಿಕ್ಕಿತು: ಆಂಡ್ರಿಯಾಸ್ ಲುಂಡ್‌ಬ್ಲಾಡ್ ಎಂಬವರು 2010ರಲ್ಲಿ ಸ್ಟ್ಯಾಕ್ ಓವರ್‌ಫ್ಲೋದಲ್ಲಿ `aioobe` ಎಂಬ ಹೆಸರಿನಲ್ಲಿ ಬರೆದ ಉತ್ತರ.

ಇದು ಸಾಮಾನ್ಯ ಉತ್ತರವಲ್ಲ. ಸೆಬಾಸ್ಟಿಯನ್ ಬಾಲ್ಟೆಸ್ ಮತ್ತು ಸ್ಟೀಫನ್ ಡೀಲ್ ಎಂಬ ಸಂಶೋಧಕರು ಗಿಟ್‌ಹಬ್‌ನ ಜಾವಾ ಪ್ರಾಜೆಕ್ಟ್‌ಗಳನ್ನು ಜಾಲಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಹೆಚ್ಚು ನಕಲಾದ ತುಣುಕು ಇದೇ. ಹೀಗೆ ನಕಲಾದ ತುಣುಕುಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಾತ್ರ ಮೂಲದ ಉಲ್ಲೇಖವಿದೆ ಎಂದು ಅವರು ಅಂದಾಜಿಸಿದರು. ಮುಂದಿನ ವರ್ಷ, 2019ರಲ್ಲಿ, ಲುಂಡ್‌ಬ್ಲಾಡ್ ತಾವೇ ತಮ್ಮ ಕೋಡ್‌ನಲ್ಲಿ ದೋಷವಿದೆ ಎಂದು ಬರೆದು ಉತ್ತರವನ್ನು ತಿದ್ದಿದರು.

ದೋಷ ಸಣ್ಣದು, ಕಣ್ಣಿಗೆ ಬೀಳುವುದೂ ಕಷ್ಟ. 9,99,999 ಬೈಟ್‌ನ ಫೈಲ್ ಕೊಟ್ಟು ನೋಡಿ. ಹಳೆಯ ಕೋಡ್ ಲಾಗರಿದಮ್ ತೆಗೆದು, ಇದು ಇನ್ನೂ ಹತ್ತು ಲಕ್ಷ ದಾಟಿಲ್ಲ, ಹಾಗಾಗಿ ಕೆಬಿ ಎಂದು ಮೊದಲು ತೀರ್ಮಾನಿಸುತ್ತದೆ. ಆಮೇಲೆ 1000ದಿಂದ ಭಾಗಿಸಿದಾಗ 999.999 ಬರುತ್ತದೆ. ದಶಾಂಶದ ಒಂದೇ ಸ್ಥಾನಕ್ಕೆ ಸರಿಹೊಂದಿಸಿದರೆ ಅದು 1000.0 ಆಗಿಬಿಡುತ್ತದೆ. ತೆರೆಯ ಮೇಲೆ `1.0 MB` ಬರಬೇಕಾದಲ್ಲಿ `1000.0 kB` ಎಂದು ಕಾಣುತ್ತದೆ. ಒಂದು ಎಂಬಿಯೊಳಗೆ ಈ ತಪ್ಪು ಬರುವುದು 9,99,950ರಿಂದ 9,99,999ರವರೆಗಿನ ಐವತ್ತು ಗಾತ್ರಗಳಿಗೆ ಮಾತ್ರ. ಹತ್ತಿಪ್ಪತ್ತು ಸೀರೆಯ ಫೋಟೊ ಹಾಕಿ ಡೆಮೊ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಲಿನಕ್ಸ್‌ನಲ್ಲಿ ಅಂಥ ಫೈಲನ್ನು ನಾವೇ ಮಾಡಿ ಪರೀಕ್ಷಿಸಬಹುದು:

```
head -c 999999 /dev/zero > test.bin
```

ನಮ್ಮ ಕೈಗೆ ಬಂದದ್ದು ತಿದ್ದುಪಡಿಗಿಂತ ಹಿಂದಿನ ಕೋಡ್. ಮೂಲದ ಲಿಂಕ್ ಒಂದು ಕಾಮೆಂಟಿನಲ್ಲಿ ಇದ್ದಿದ್ದರೆ, ಆಮೇಲೆ ಆ ಪ್ರಾಜೆಕ್ಟ್ ಮುಟ್ಟಿದ ಯಾರಾದರೂ ಅದನ್ನು ಒತ್ತಿ, ತಿದ್ದಿದ ಉತ್ತರ ನೋಡುತ್ತಿದ್ದರು. ಉಲ್ಲೇಖ ಎಂದರೆ ಬರೀ ಸೌಜನ್ಯ ಎಂದುಕೊಂಡವರಿಗೆ ಈ ಲಾಭ ಕಾಣುವುದಿಲ್ಲ.

ಇನ್ನು ಲೈಸೆನ್ಸ್. ಸ್ಟ್ಯಾಕ್ ಓವರ್‌ಫ್ಲೋದ ಉತ್ತರಗಳು ಸಿಸಿ ಬೈ-ಎಸ್‌ಎ ಲೈಸೆನ್ಸ್‌ನಲ್ಲಿವೆ. ಬರೆದವರ ಹೆಸರು, ಲಿಂಕ್, ಲೈಸೆನ್ಸ್ ಹಾಕಬೇಕು, ಬದಲಾಯಿಸಿದ್ದರೆ ಹೇಳಬೇಕು. ಬದಲಾಯಿಸಿದ್ದನ್ನು ಹಂಚಿದರೆ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು. ಯಾವ ಆವೃತ್ತಿ ಎಂಬುದು ದಿನಾಂಕದ ಮೇಲೆ ನಿಂತಿದೆ: 2018ರ ಮೇ 2ರಿಂದ ಬರೆದದ್ದಕ್ಕೆ 4.0, ಅದಕ್ಕಿಂತ ಹಳೆಯದಕ್ಕೆ 3.0 ಅಥವಾ 2.5. ಆರು ಸಾಲಿಗೂ ಕಾಪಿರೈಟ್ ಇರುತ್ತದೆಯೇ ಎಂಬ ವಾದ ಬೇರೆ, ಅದನ್ನು ವಕೀಲರಿಗೆ ಬಿಡೋಣ. ಕಾಮೆಂಟ್ ಬರೆಯಲು ಬೇಕಾಗುವುದು ಅರ್ಧ ನಿಮಿಷ:

```java
// Source: https://stackoverflow.com/a/3758880
// Author: aioobe, License: CC BY-SA
// Changed: function renamed
```

ಇದನ್ನು ರಿಪೋರ್ಟ್‌ನ ಕೊನೆಯ ಪುಟದಲ್ಲಿ ಹಾಕಿದರೆ ಸಾಲದು. ಮುಂದಿನ ಬ್ಯಾಚ್‌ನವರು ಒಯ್ಯುವುದು ಕೋಡ್ ಫೈಲನ್ನು, ಬೈಂಡ್ ಮಾಡಿದ ರಿಪೋರ್ಟನ್ನಲ್ಲ. ಹಾಗಾಗಿ ಫಂಕ್ಷನ್ನಿನ ನೆತ್ತಿಯ ಮೇಲೇ ಇರಬೇಕು.

ಅದೇ ಆ್ಯಪ್‌ನಲ್ಲಿ ಫೋಟೊ ಕತ್ತರಿಸುವ ಇನ್ನೊಂದು ಫೈಲ್ ಇತ್ತು. ಅದರ ಮೂಲ ಗಿಟ್‌ಹಬ್‌ನ ಒಂದು ರೆಪೊ, ಅಲ್ಲಿ `LICENSE` ಫೈಲೇ ಇಲ್ಲ. 'ಲೈಸೆನ್ಸ್ ಇಲ್ಲ ಅಂದ್ರ ಫ್ರೀ ಅಲ್ಲೇನ್ಲೇ?' ಎಂದ ಗೆಳೆಯ. ಆಗುವುದು ಅದರ ತದ್ವಿರುದ್ಧ. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸುತ್ತದೆ. ಬರೆದವರು ಅನುಮತಿ ಕೊಡುವವರೆಗೆ ಹಕ್ಕು ಅವರದೇ. ಎಂಐಟಿ ಲೈಸೆನ್ಸ್ ಇದ್ದಿದ್ದರೆ ಅದರ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಉಳಿಸಿಕೊಂಡು ಬಳಸಬಹುದಿತ್ತು. ಜಿಪಿಎಲ್ ಇದ್ದಿದ್ದರೆ ಆ್ಯಪನ್ನು ನೇಕಾರರಿಗೆ ಕೊಡುವಾಗ ಇಡೀ ಸೋರ್ಸ್ ಕೋಡನ್ನೂ ಅದೇ ಷರತ್ತಿನಲ್ಲಿ ಒದಗಿಸಬೇಕಾಗುತ್ತಿತ್ತು. ಇಲ್ಲಿ ಎರಡೂ ಇರಲಿಲ್ಲ. ಲೈಸೆನ್ಸ್ ಸೇರಿಸಿ ಎಂದು ಆ ರೆಪೊದವರಿಗೆ ಬರೆದೆವು, ಉತ್ತರ ಬರಲಿಲ್ಲ. ಫೈಲ್ ಅಳಿಸಿ ಆ ಭಾಗವನ್ನು ನಾವೇ ಬರೆದೆವು. ಎರಡು ಸಂಜೆ ಹಿಡಿಯಿತು.