ಅರ್ಜಿಯ ಕಾಲಂ ಮತ್ತು ನಮ್ಮ ಮಕ್ಕಳು

ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗಾಗಿ 2022ರಿಂದ ನಡೆಯುತ್ತಿರುವ ಸಿ.ಯು.ಇ.ಟಿ. ಎಂಬ ಪ್ರವೇಶ ಪರೀಕ್ಷೆಯ ಪ್ರಶ್ನಪತ್ರಿಕೆಯನ್ನು ಕನ್ನಡದಲ್ಲಿಯೂ ಕೊಡಲಾಗುತ್ತಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆ ಪರೀಕ್ಷೆಯ ಬಾಗಿಲಿಗೆ ಹೋಗುವ ಮೊದಲು ಹುಡುಗನು ಅಂತರ್ಜಾಲದಲ್ಲಿ ತುಂಬಬೇಕಾದ ಅರ್ಜಿಯು ಕನ್ನಡದಲ್ಲಿಲ್ಲ. ಕನ್ನಡದ ಮಕ್ಕಳು ಎಡವುತ್ತಿರುವುದು ಆ ಅರ್ಜಿಯಲ್ಲಿ, ಅದರಲ್ಲಿಯೂ ವರ್ಗದ ಕಾಲಮ್ಮಿನಲ್ಲಿ.

ನಮ್ಮ ಸಂಸ್ಥಾನದ ವಿದ್ಯಾರ್ಥಿಗೆ ತಿಳಿದಿರುವುದು ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ಹೆಸರುಗಳು. ತಹಶೀಲದಾರರು ಕೊಟ್ಟ ಪ್ರಮಾಣಪತ್ರದಲ್ಲಿರುವುದೂ ಅವೇ. ಅರ್ಜಿಯಲ್ಲಿ ಇವು ಒಂದೂ ಕಾಣುವುದಿಲ್ಲ; ಅಲ್ಲಿರುವುದು ಜನರಲ್, ಇ.ಡಬ್ಲ್ಯು.ಎಸ್., ಓ.ಬಿ.ಸಿ.-ಎನ್.ಸಿ.ಎಲ್., ಎಸ್.ಸಿ., ಎಸ್.ಟಿ. ಎಂಬ ಐದೇ. ತಾನು ಹಿಂದುಳಿದವನೆಂದು ಸರಕಾರವೇ ಬರೆದುಕೊಟ್ಟಿರುವಾಗ ಓ.ಬಿ.ಸಿ. ಎಂಬುದೇ ತನ್ನ ಮನೆಯೆಂದು ಹುಡುಗನು ನಂಬಿದರೆ ಅವನನ್ನು ದೂರುವವರಾರು? ಆದರೆ ಈ ಓ.ಬಿ.ಸಿ. ಎಂಬುದು ಕೇಂದ್ರದ ಪಟ್ಟಿಗೆ ಸೇರಿದುದು. ಸಂಸ್ಥಾನದ ಪಟ್ಟಿಯೂ ಕೇಂದ್ರದ ಪಟ್ಟಿಯೂ ಒಂದೇ ಅಲ್ಲ. ಒಂದರಲ್ಲಿರುವ ಜಾತಿಯು ಇನ್ನೊಂದರಲ್ಲಿ ಇಲ್ಲದಿರಬಹುದು. ಯಾವುದು ಎಲ್ಲಿದೆಯೆಂಬುದನ್ನು ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ncbc.nic.in ತಾಣದಲ್ಲಿ ಕರ್ನಾಟಕದ ಹೆಸರಿನಡಿ ನೋಡಿಕೊಳ್ಳಬಹುದು. ಪಟ್ಟಿಯಲ್ಲಿ ಹೆಸರಿದ್ದರೂ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲಿಯೇ ಪಡೆಯಬೇಕು. 2ಎ ಎಂದಿರುವ ಕಾಗದವು ಅಲ್ಲಿ ಸಾಲದು.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಕಲಬುರಗಿಯ ಕಡೆಯ ಒಬ್ಬ ರೈತನ ಮಗಳು 3ಬಿ ಪ್ರಮಾಣಪತ್ರವನ್ನು ಹಿಡಿದು ಓ.ಬಿ.ಸಿ. ಎಂದು ಗುರುತು ಹಾಕಿ, ಮೂರು ವಿಷಯಗಳಿಗೆ 2025ರ ದರದಂತೆ 900 ರೂಪಾಯಿ ಶುಲ್ಕ ಕಟ್ಟಿದಳೆನ್ನಿ. ವಿಷಯಗಳಲ್ಲಿ ಇತಿಹಾಸದ ಬದಲು ಭೂಗೋಳಕ್ಕೆ ಗುರುತು ಬಿದ್ದಿತು. ತಾನು ಸೇರಬೇಕೆಂದಿರುವ ತರಗತಿಗೆ ಸಾಮಾನ್ಯ ಅಭಿಕ್ಷಮತೆಯ ಪರೀಕ್ಷೆಯೂ ಬೇಕೆಂಬುದು ಆಕೆಗೆ ತಡವಾಗಿ ತಿಳಿಯಿತು. ಆಕೆಯ ಜಾತಿಯು ಕೇಂದ್ರದ ಪಟ್ಟಿಯಲ್ಲಿಲ್ಲ. ಇನ್ನುಳಿದುದು ಇ.ಡಬ್ಲ್ಯು.ಎಸ್. ಕೇಂದ್ರದ ಪಟ್ಟಿಗೆ ಸೇರದವರು ಕುಟುಂಬದ ಆದಾಯವು 8 ಲಕ್ಷಕ್ಕೆ ಕಡಿಮೆಯಿದ್ದರೆ ಇದನ್ನು ಕೇಳಬಹುದು. ಆದರೆ 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಸಾಗುವಳಿ ಜಮೀನು ಇರಕೂಡದು. ಆಕೆಯ ತಂದೆಗೆ ಇರುವುದು 7 ಎಕರೆ ಬೆದ್ದಲು. ಬೆಳೆಯ ಭರವಸೆಯಿಲ್ಲದ ನೆಲವನ್ನೂ ನೀರಾವರಿಯನ್ನೂ ಒಂದೇ ಅಳತೆಗೋಲಿನಿಂದ ಅಳೆಯುವ ಈ ನಿಯಮದ ನ್ಯಾಯವನ್ನು ಇನ್ನೊಮ್ಮೆ ವಿಚಾರಿಸೋಣ. ಸದ್ಯಕ್ಕೆ ಆಕೆ ಜನರಲ್ ವರ್ಗದವಳು.

ಅರ್ಜಿಯ ಗಡುವು ಮುಗಿದ ಮೇಲೆ ತಿದ್ದುಪಡಿಗೆಂದು ಕೆಲವು ದಿವಸಗಳ ಅವಕಾಶ ಕೊಡುವ ಪದ್ಧತಿಯಿದೆ. 2025ರಲ್ಲಿ ಅದು ಮೂರು ದಿವಸ ಮಾತ್ರವಿತ್ತು. ಅಷ್ಟರೊಳಗೆ ಆಕೆ ವರ್ಗವನ್ನು ಬದಲಿಸಿ, ಭೂಗೋಳವನ್ನು ತೆಗೆದು ಇತಿಹಾಸವನ್ನಿಟ್ಟು, ನಾಲ್ಕನೆಯ ವಿಷಯವನ್ನು ಸೇರಿಸಬಹುದಾಗಿತ್ತು. ಜನರಲ್ ವರ್ಗಕ್ಕೆ ಮೂರು ವಿಷಯಗಳ ಶುಲ್ಕ 1000, ಹೆಚ್ಚಿನ ಒಂದಕ್ಕೆ 400; ಕಟ್ಟಿದ 900 ಕಳೆದು 500 ರೂಪಾಯಿ ಬಾಕಿ. ಈ ಬಾಕಿ ಸಂದಾಯವಾಗುವವರೆಗೆ ತಿದ್ದುಪಡಿ ಊರ್ಜಿತವಾಗುವುದಿಲ್ಲ. ಅನೇಕರು ಪರದೆಯ ಮೇಲೆ ಹೊಸ ವರ್ಗವನ್ನು ಕಂಡು ಕೆಲಸವಾಯಿತೆಂದು ಎದ್ದು ಹೋಗುತ್ತಾರೆ. ಹಣ ಕಟ್ಟಿದ ಮೇಲೆ ಬರುವ ಹೊಸ ದೃಢೀಕರಣ ಪುಟವನ್ನು ಇಳಿಸಿಕೊಂಡು, ಅದರಲ್ಲಿ ಹೊಸ ವರ್ಗವೂ ನಾಲ್ಕು ವಿಷಯಗಳೂ ಅಚ್ಚಾಗಿವೆಯೇ ಎಂದು ಓದಿದಲ್ಲದೆ ಏಳಬಾರದು. ತಿದ್ದುಪಡಿಯಿಂದ ಶುಲ್ಕ ಕಡಿಮೆಯಾದರೆ ಹೆಚ್ಚಿನ ಹಣ ಮರಳಿ ಬರುವುದಿಲ್ಲವೆಂಬುದೂ ನೆನಪಿರಲಿ.

ತಿದ್ದಲಾಗದವೂ ಕೆಲವಿವೆ. ಅವುಗಳಲ್ಲಿ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ವಿಳಾಸ ಮುಖ್ಯವಾದವು. ಹಳ್ಳಿಯ ಮಕ್ಕಳು ಪೇಟೆಯ ಸೈಬರ್ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಕೆಲಸ ಬೇಗ ಮುಗಿಯಲೆಂದು ತನ್ನದೇ ಸಂಖ್ಯೆಯನ್ನು ತುಂಬಿಬಿಡುತ್ತಾನೆ. ಆಮೇಲೆ ಓ.ಟಿ.ಪಿ.ಯೂ ತಿದ್ದುಪಡಿಯ ಸೂಚನೆಯೂ ಅವನ ಫೋನಿಗೆ ಹೋಗುತ್ತವೆ. ಮೂರು ದಿವಸ ಕಳೆದ ಮೇಲೆ ಹುಡುಗಿಗೆ ಸುದ್ದಿ ಮುಟ್ಟಿದರೇನು, ಬಿಟ್ಟರೇನು!

ಪರೀಕ್ಷೆಯನ್ನು ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯವರಲ್ಲಿ ನಾವು ಕೇಳುವುದು ಬಹಳವಲ್ಲ. ಪ್ರಶ್ನೆಯನ್ನು ಕನ್ನಡಕ್ಕೆ ತಂದವರಿಗೆ ಅರ್ಜಿಯನ್ನು ತರುವುದು ಅಸಾಧ್ಯವಾಗಲಾರದು. ಓ.ಬಿ.ಸಿ. ಎಂದು ಗುರುತಿಸಿದೊಡನೆ ಕರ್ನಾಟಕಕ್ಕೆ ಸಂಬಂಧಿಸಿದ ಕೇಂದ್ರದ ಪಟ್ಟಿಯು ಅಲ್ಲಿಯೇ ತೆರೆದುಕೊಂಡು, ಅಭ್ಯರ್ಥಿಯು ತನ್ನ ಜಾತಿಯನ್ನು ಅದರೊಳಗಿಂದ ಆರಿಸಿಕೊಳ್ಳುವಂತೆ ಮಾಡಲಿ. ನಮ್ಮ ಸರಕಾರದವರೂ 3ಎ, 3ಬಿ ಪ್ರಮಾಣಪತ್ರಗಳ ಕೆಳಗೆ, ಈ ಜಾತಿಯು ಕೇಂದ್ರದ ಪಟ್ಟಿಯಲ್ಲಿದೆ ಅಥವಾ ಇಲ್ಲ ಎಂಬ ಒಂದು ಸಾಲನ್ನು ಅಚ್ಚು ಹಾಕಿಸಲಿ. ಅದಕ್ಕೆ ದೆಹಲಿಯ ಅಪ್ಪಣೆಯನ್ನು ಕಾಯಬೇಕಾಗಿಲ್ಲ.