ಬೀಗ ಹಾಕಿದ ಮನೆಗೂ ದುಡ್ಡು ತೆಗೆದಿಡಿ

ಮಲಾಡ್ ಪಶ್ಚಿಮದ ಮಾಲವಣಿಯಲ್ಲಿ ಮನೆಮನೆ ಸಮೀಕ್ಷೆಗೆ ಹೊರಟವರ ಬಜೆಟ್ ಕೈಗೆ ಬಂದರೆ ನಾನು ಮೊದಲು ನೋಡುವುದು ಗಣತಿದಾರರ ಸಂಬಳದ ಸಾಲನ್ನು. ದಿನಗೂಲಿಯೋ, ಫಾರ್ಮಿಗೆ ಇಷ್ಟೆಂದೋ?

ಒಂದು ಲೆಕ್ಕ ಹಾಕೋಣ. 600 ಮನೆ, 6 ಗಣತಿದಾರರು. ಒಬ್ಬರು ದಿನಕ್ಕೆ 5 ಮನೆ ಮುಗಿಸಿದರೆ 20 ದಿನದ ಕೆಲಸ. ದಿನಕ್ಕೆ 1,000 ರೂಪಾಯಿಯಂತೆ 1.2 ಲಕ್ಷ. ಫಾರ್ಮಿಗೆ 200 ಎಂದರೂ ಅದೇ 1.2 ಲಕ್ಷ. ಕಾಗದದಲ್ಲಿ ಎರಡೂ ಒಂದೇ, ಗಲ್ಲಿಯಲ್ಲಿ ಮಾತ್ರ ಅಲ್ಲ.

ಬೆಳಗ್ಗೆ 11 ಗಂಟೆ. ಪಟ್ಟಿಯಲ್ಲಿದ್ದ ಮನೆಗೆ ಬೀಗ. ಗಂಡ ಲೋಕಲ್ ಹತ್ತಿ ಹೋಗಿದ್ದಾನೆ, ಹೆಂಡತಿ ಮನೆಗೆಲಸಕ್ಕೆ. ಪಕ್ಕದ ಮನೆಯಲ್ಲಿ ಅಜ್ಜಿ ಇದ್ದಾರೆ. ಫಾರ್ಮಿನ ಲೆಕ್ಕದಲ್ಲಿ ದುಡಿಯುವವರಿಗೆ ಆ ಬೀಗ ಎಂದರೆ 200 ರೂಪಾಯಿ ನಷ್ಟ. ಅಜ್ಜಿಯ ಉತ್ತರವನ್ನೇ ಈ ಮನೆಯ ನಂಬರಿಗೆ ಬರೆದುಬಿಡುವ ಆಸೆ ಸಹಜ. ಹೀಗೆ ಹತ್ತಾರು ಮನೆ ಅದಲುಬದಲಾದರೆ ದುಡಿಯುವ ಹೆಂಗಸರೇ ವರದಿಯಿಂದ ಮಾಯವಾಗುತ್ತಾರೆ. ದೇವನಾರದ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಮನೆಗೆ ಬದಲಾಗಿ ಇನ್ನೊಂದನ್ನು ಹಿಡಿಯುವಂತಿಲ್ಲ. ಮತ್ತೆ ಮತ್ತೆ ಹೋಗಲೇಬೇಕು. ಹಾಗಾಗಿ ದಿನಗೂಲಿ ಕೊಡಿ. ರಾತ್ರಿ ಎಂಟರ ಮರುಭೇಟಿಗೆಂದು 4 ದಿನ ಹೆಚ್ಚು ಹಿಡಿಯಿರಿ. ಅದಕ್ಕೆ ತಗಲುವುದು 24,000 ರೂಪಾಯಿ.

ಮುಂದಿನದು ಮೇಲ್ವಿಚಾರಣೆ. ದಿನಕ್ಕೆ 1,500ರಂತೆ ಇಬ್ಬರಿಗೆ 24 ದಿನಕ್ಕೆ 72,000. ಹತ್ತರಲ್ಲಿ ಒಂದು ಮನೆಗೆ ಅವರು ಮತ್ತೆ ಹೋಗಿ, ವಾರದಲ್ಲಿ ಬದಲಾಗದ ಸಂಗತಿಯನ್ನಷ್ಟೇ ಕೇಳಬೇಕು: ಎಷ್ಟು ಜನ, ರೇಷನ್ ಕಾರ್ಡ್ ಹಳದಿಯೋ ಕೇಸರಿಯೋ. ಇಕ್ಕಟ್ಟಿನ ಗಲ್ಲಿಯಲ್ಲಿ ಟ್ಯಾಬ್ಲೆಟ್‌ನ ಜಿಪಿಎಸ್ ಒಂದು ಬಾಗಿಲನ್ನು ಇನ್ನೊಂದರಿಂದ ಬೇರೆಯಾಗಿ ತೋರಿಸದು. ಆದರೆ ಅದರ ಗಡಿಯಾರ ಉಪಯೋಗಕ್ಕೆ ಬರುತ್ತದೆ: ಮುಕ್ಕಾಲು ಗಂಟೆಯ ಫಾರ್ಮ್ 11 ನಿಮಿಷದಲ್ಲಿ ಮುಗಿದಿದ್ದರೆ ಆ ಮನೆಗೆ ಮೊದಲು ಹೋಗಿ. ತಲಾ 12,000ದ 9 ಟ್ಯಾಬ್ಲೆಟ್ ಕೊಂಡರೆ 1.08 ಲಕ್ಷ. ಇಷ್ಟು ಸಣ್ಣ ಕೆಲಸಕ್ಕೆ ಬಾಡಿಗೆಗೆ ತರುವುದೇ ಮೇಲು.

ಪಟ್ಟಿಯಲ್ಲಿಲ್ಲದ ಗಲ್ಲಿಯ 30 ಮನೆಗಳಲ್ಲಿ ಮೊದಲು ಪ್ರಶ್ನೆಗಳನ್ನು ಪರೀಕ್ಷಿಸಿ. ಕೆಳಗೊಂದು ಒಲೆ, ಬಾಡಿಗೆಗೆ ಕೊಟ್ಟ ಮಾಳಿಗೆಯಲ್ಲಿ ಇನ್ನೊಂದು, ಬಾಗಿಲ ನಂಬರ್ ಮಾತ್ರ ಒಂದೇ. ಇದು ಒಂದು ಕುಟುಂಬವೋ, ಎರಡೋ? ಒಂದೇ ಅಡುಗೆ ಉಣ್ಣುವವರು ಒಂದು ಕುಟುಂಬ ಎಂಬ ನಿಯಮ ಮೊದಲೇ ಗಟ್ಟಿಯಾಗದಿದ್ದರೆ ಆರು ಜನ ಆರು ರೀತಿ ಎಣಿಸುತ್ತಾರೆ.

ಡೇಟಾ ಶುಚಿ ಮಾಡುವವರು ಮೊದಲ ದಿನದಿಂದಲೇ ಕೂರಲಿ. ‘ಗೊತ್ತಿಲ್ಲ’ ಎಂಬುದಕ್ಕೆ ಹಾಕಿದ 99, ವಯಸ್ಸಿನ ಕಾಲಮಿನಲ್ಲಿ 99 ವರ್ಷವಾಗಿ ಕೂತಿದ್ದು ಅಂದೇ ರಾತ್ರಿ ಸಿಕ್ಕರೆ ಮರುದಿನ ಹೋಗಿ ಕೇಳಬಹುದು. ಎರಡು ತಿಂಗಳ ಮೇಲೆ ಸಿಕ್ಕರೆ ಅಳಿಸುವುದೊಂದೇ ದಾರಿ.

ಹಣ ಸಾಲದಿದ್ದರೆ 600 ಮನೆಯನ್ನು 500ಕ್ಕೆ ಇಳಿಸಿ. ಮರುಭೇಟಿಯ ಸಾಲನ್ನೂ ಮೇಲ್ವಿಚಾರಣೆಯ ಸಾಲನ್ನೂ ಮಾತ್ರ ಹೊಡೆದುಹಾಕಬೇಡಿ.