ಮನವಿ ಪತ್ರ: ಮಾರಿದ ದ್ವಿಚಕ್ರ ವಾಹನವು ಮಾರಿದವನ ಹೆಸರಿನಲ್ಲಿಯೇ ಉಳಿಯುವುದರ ಕುರಿತು

ಇವರಿಗೆ,
ಮಾನ್ಯ ಸಾರಿಗೆ ಆಯುಕ್ತರು,
ತೆಲಂಗಾಣ ಸರ್ಕಾರ, ಹೈದರಾಬಾದು.

ಇವರಿಂದ,
ಹೈದರಾಬಾದು ನಗರದಲ್ಲಿ ನೆಲೆಸಿರುವ, ಕೆಳಗೆ ರುಜು ಮಾಡಿರುವ ಕನ್ನಡಿಗ ನಾಗರಿಕರು.

ವಿಷಯ: ಬಳಸಿದ ದ್ವಿಚಕ್ರ ವಾಹನಗಳ ಮಾಲೀಕತ್ವ ವರ್ಗಾವಣೆಯಲ್ಲಿ ಮಾರುವವನ 29ನೆಯ ನಮೂನೆಯನ್ನು ಪ್ರತ್ಯೇಕವಾಗಿ ಸ್ವೀಕರಿಸಿ ದಾಖಲಿಸುವಂತೆ ಪ್ರಾರ್ಥನೆ.

ಮಾನ್ಯರೇ,

ಬೀದರ, ಕಲಬುರಗಿ, ರಾಯಚೂರು ಸೀಮೆಗಳಿಂದ ಬಂದು ಈ ನಗರದಲ್ಲಿ ಬದುಕು ಕಟ್ಟಿಕೊಂಡವರೂ, 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚಿನಿಂದಲೇ ಇಲ್ಲಿ ಮನೆಮಾಡಿಕೊಂಡಿರುವ ಕುಟುಂಬಗಳವರೂ ಆದ ನಾವು ತಮ್ಮ ಸನ್ನಿಧಿಯಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ನಮ್ಮ ಅಹವಾಲನ್ನು ಕನ್ನಡದಲ್ಲಿಯೇ ಬರೆದಿರುವುದು ಸಂವಿಧಾನದ 350ನೆಯ ಅನುಚ್ಛೇದವು ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿರುವ ಹಕ್ಕನ್ನು ಆಧರಿಸಿ, ಕಚೇರಿಯ ಅನುಕೂಲಕ್ಕಾಗಿ ತೆಲುಗು ಭಾಷಾಂತರವನ್ನೂ ಇದರೊಡನೆ ಇರಿಸಿದ್ದೇವೆ.

ಹೊಸ ವಾಹನವನ್ನು ಕೊಳ್ಳುವ ಶಕ್ತಿಯಿಲ್ಲದ ವಿದ್ಯಾರ್ಥಿ, ಮನೆಮನೆಗೆ ಹಾಲು ಹಾಕುವವನು, ಔಷಧದ ಅಂಗಡಿಯ ನೌಕರ, ಇಂಥವರೆಲ್ಲರೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ ಸ್ಕೂಟರನ್ನೋ ಮೋಟಾರ್ ಸೈಕಲ್ಲನ್ನೋ ಆಶ್ರಯಿಸುವವರು. ಈ ವ್ಯವಹಾರಕ್ಕೆ 1988ರ ಮೋಟಾರು ವಾಹನಗಳ ಅಧಿನಿಯಮದ 50ನೆಯ ಪ್ರಕರಣವು ಹಾಕಿಕೊಟ್ಟಿರುವ ದಾರಿ ಸರಳವಾದುದೇ ಆಗಿದೆ. ವಾಹನವು ಇದೇ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಮಾರಿದವನು 14 ದಿನಗಳೊಳಗೆ 29ನೆಯ ನಮೂನೆಯಲ್ಲಿ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ಅದರ ಪ್ರತಿಯನ್ನು ಕೊಂಡವನಿಗೂ ಕಳುಹಿಸತಕ್ಕದ್ದು. ಕೊಂಡವನು 30 ದಿನಗಳೊಳಗೆ ತಾನು ವಾಸವಾಗಿರುವ ವ್ಯಾಪ್ತಿಯ ಪ್ರಾಧಿಕಾರಕ್ಕೆ 30ನೆಯ ನಮೂನೆಯನ್ನು ಸಲ್ಲಿಸತಕ್ಕದ್ದು. ಈ 30ನೆಯ ನಮೂನೆಯಲ್ಲಿ ಮೊದಲ ಭಾಗ ಮಾರುವವನದು, ಎರಡನೆಯದು ಕೊಳ್ಳುವವನದು. ಸಾಲ ಮಾಡಿ ಕೊಂಡ ವಾಹನವಾದರೆ ಸಾಲ ತೀರಿತೆಂಬುದಕ್ಕೆ ಸಾಲ ಕೊಟ್ಟ ಸಂಸ್ಥೆಯೂ ಮಾಲೀಕನೂ ರುಜು ಹಾಕಿದ 35ನೆಯ ನಮೂನೆ ಬೇಕು. ಇಷ್ಟೇ ವಿಧಿ. ನಮ್ಮ ಸಂಕಟವಿರುವುದು ವಿಧಿಯಲ್ಲಲ್ಲ; 29ನೆಯ ನಮೂನೆಯು ಪ್ರತ್ಯೇಕವಾದ ಒಂದು ಕಾಗದವೆಂಬುದೇ ವ್ಯವಹಾರದಲ್ಲಿ ಮರೆತುಹೋಗಿ, ಅದು 30ನೆಯದರ ಬಾಲವಾಗಿ, ಎರಡೂ ಒಟ್ಟಾಗಿ ದಲ್ಲಾಳಿಯ ಚೀಲವನ್ನು ಸೇರುತ್ತಿರುವುದರಲ್ಲಿದೆ.

ಇದನ್ನು ಒಂದು ನಿದರ್ಶನದಿಂದ ನಿವೇದಿಸುತ್ತೇವೆ. ನಮ್ಮಲ್ಲೊಬ್ಬರು, ಕಾಚಿಗೂಡದ ನಿವಾಸಿ, ಗುಮಾಸ್ತರಾಗಿದ್ದು ನಿವೃತ್ತರಾದವರು, 2021ರ ಆಗಸ್ಟಿನಲ್ಲಿ ತಮ್ಮ ಸ್ಕೂಟರನ್ನು 24,000 ರೂಪಾಯಿಗೆ ಒಬ್ಬ ದಲ್ಲಾಳಿಗೆ ಕೊಟ್ಟರು. ಅವನು ಸ್ಕೂಟರಿನ ಸೀಟಿನ ಮೇಲೆಯೇ ಕಾಗದಗಳನ್ನು ಹರಡಿ, 29ನೆಯ ನಮೂನೆಯ ಎರಡು ಪ್ರತಿಗಳಿಗೂ 30ನೆಯ ನಮೂನೆಗೂ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿದ ಕಡೆಗಳಲ್ಲಿ ರುಜು ತೆಗೆದುಕೊಂಡನು. ಕೊಂಡವನ ಹೆಸರು ಬರೆಯಬೇಕಾದ ಗೆರೆ ಖಾಲಿ, ಮಾರಿದ ದಿನಾಂಕದ ಗೆರೆಯೂ ಖಾಲಿ. ಕೇಳಿದರೆ, "ಗಿರಾಕಿ ಗೊತ್ತಾದ ಮೇಲೆ ನಾನೇ ಬರೆದುಕೊಳ್ಳುತ್ತೇನೆ ಸಾರ್, ನೀವು ಚಿಂತೆ ಮಾಡಬೇಡಿ" ಎಂದನು. ಆರ್‌ಸಿಯನ್ನೂ ವಿಮೆಯ ಕಾಗದವನ್ನೂ ಕೊಟ್ಟು, ಹಣವನ್ನು ಎಣಿಸಿಕೊಂಡು, ನಮ್ಮ ಮಿತ್ರರು ಆ ವಾಹನವನ್ನು ಮರೆತೇಬಿಟ್ಟರು.

2022ರ ಜನವರಿಯಲ್ಲಿ ಅವರ ಮೊಬೈಲಿಗೆ ಮೊದಲ ಚಲನ್ ಬಂದಿತು: ಅದೇ ಸ್ಕೂಟರು, ಅದರ ಮೇಲೆ ಮೂವರು ತರುಣರು, ಒಬ್ಬರ ತಲೆಯ ಮೇಲೂ ಹೆಲ್ಮೆಟ್ಟಿಲ್ಲ. ಬಳಿಕ ಇನ್ನೂ ಆರು ಬಂದವು. ಅಷ್ಟರಲ್ಲಿ ವಾಹನವು ಮೂರು ಕೈ ದಾಟಿತ್ತು. ಯಾರೂ ತಮ್ಮ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ. ಖಾಲಿ ನಮೂನೆಗಳೇ ವಾಹನದ ಜೊತೆಜೊತೆಗೆ ಕೈಯಿಂದ ಕೈಗೆ ಸಾಗುತ್ತಿದ್ದವು. ವರ್ಷಾಂತ್ಯದಲ್ಲಿ ಬಂದದ್ದು ಚಲನ್ ಅಲ್ಲ, ಅಪಘಾತ ಪರಿಹಾರ ನ್ಯಾಯಮಂಡಳಿಯ ಸಮನ್ಸು. ಆ ವೇಳೆಗೆ ವಿಮೆಯ ಅವಧಿ ಮುಗಿದು ಎಂಟು ತಿಂಗಳಾಗಿತ್ತು. ತಾವು ಮಾರಿದ್ದಕ್ಕೆ ಸಾಕ್ಷ್ಯವಾಗಿ ಅವರ ಬಳಿ ಉಳಿದಿದ್ದುದು ದಲ್ಲಾಳಿಯ ವಿಸಿಟಿಂಗ್ ಕಾರ್ಡೊಂದೇ.

ಇದರ ಗಂಭೀರತೆಯನ್ನು ಅನೇಕರು ಅರಿಯರು. ಮಾರಿದ ಕ್ಷಣದಲ್ಲಿಯೇ ಹೊಣೆ ಕಳೆಯಿತೆಂದು ಲೋಕ ತಿಳಿದಿದೆ; ಆದರೆ ಅಧಿನಿಯಮದ 2ನೆಯ ಪ್ರಕರಣದ 30ನೆಯ ಖಂಡವು ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವನನ್ನೇ ಮಾಲೀಕನೆನ್ನುತ್ತದೆ. 2009ರ ಒಂದು ಅಪಘಾತದ ಬಗ್ಗೆ, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿ, ಕಾರು ಹಲವು ಕೈಗಳನ್ನು ದಾಟಿದ್ದರೂ ದಾಖಲೆಯಲ್ಲಿ ಹೆಸರುಳಿದಿದ್ದ ಮೊದಲ ಮಾಲೀಕನೇ ಪರಿಹಾರಕ್ಕೆ ಬಾಧ್ಯನೆಂದು ನಿರ್ಣಯಿಸಿತು. ಗಾಯಗೊಂಡವನು ಬೀದಿಬೀದಿ ಅಲೆದು ನಿಜವಾದ ಕೊಂಡವನನ್ನು ಹುಡುಕುವಂತಾಗಬಾರದೆಂಬ ಆ ತತ್ತ್ವವನ್ನು ನಾವು ಗೌರವಿಸುತ್ತೇವೆ, ಪ್ರಶ್ನಿಸುವುದಿಲ್ಲ. ವಿಮೆಯು ಜಾರಿಯಲ್ಲಿದ್ದ ಪಕ್ಷದಲ್ಲಿ 157ನೆಯ ಪ್ರಕರಣದ ಪ್ರಕಾರ ಅದು ವಾಹನದೊಡನೆ ಹೊಸ ಮಾಲೀಕನಿಗೆ ವರ್ಗವಾಯಿತೆಂದೇ ಭಾವಿಸಲ್ಪಡುತ್ತದೆ, ಅವನು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಹೆಸರು ಬದಲಾವಣೆಗಾಗಿ ಅರ್ಜಿ ಕೊಡಬೇಕಷ್ಟೆ. ಅದೇ ವಿಮೆಯನ್ನು ಅವನು ನವೀಕರಿಸದೆ ಬಿಟ್ಟರೆ ಮಾತ್ರ ಪರಿಹಾರದ ಮೊತ್ತವೆಲ್ಲವೂ ವಾಹನವನ್ನು ವರ್ಷದಿಂದ ಕಣ್ಣಿನಲ್ಲಿಯೂ ಕಾಣದವನ ತಲೆಯ ಮೇಲೆ ಬಂದು ಕೂರುತ್ತದೆ.

ಆದಕಾರಣ ನಮ್ಮ ಪ್ರಧಾನ ಬೇಡಿಕೆ ಒಂದೇ. ಮಾರಿದವನು ತನ್ನ ಗುರುತಿನ ಚೀಟಿ, ಆರ್‌ಸಿಯ ನಕಲು, ಕೊಂಡವನ ಹೆಸರು, ವಿಳಾಸ ಮತ್ತು ರುಜು ಇರುವ 29ನೆಯ ನಮೂನೆಯೊಡನೆ ಯಾವುದೇ ಸಾರಿಗೆ ಕಚೇರಿಗೆ ಒಬ್ಬನೇ ಬಂದರೂ, 30ನೆಯ ನಮೂನೆ ಎಲ್ಲಿ, ಕೊಂಡವನು ಎಲ್ಲಿ ಎಂದು ಕೇಳದೆ, ಅದನ್ನು ಅಂದೇ ಸ್ವೀಕರಿಸಿ, ಸಂಖ್ಯೆ, ದಿನಾಂಕ, ಮೊಹರುಗಳುಳ್ಳ ಸ್ವೀಕೃತಿಯನ್ನು ಕೊಡುವಂತೆ ತಾವು ಲಿಖಿತ ಸುತ್ತೋಲೆಯನ್ನು ಹೊರಡಿಸಬೇಕು. ಹಾಗೆ ಸ್ವೀಕರಿಸಿದೊಡನೆ ಆ ವಾಹನದ ದಾಖಲೆಯಲ್ಲಿ "ಮಾರಾಟವಾಗಿದೆ, ವರ್ಗಾವಣೆ ಬಾಕಿ" ಎಂಬ ಟಿಪ್ಪಣಿ ಕೊಂಡವನ ಹೆಸರಿನ ಸಮೇತ ಏರಬೇಕು. ಇದರಿಂದ ಮಾಲೀಕತ್ವ ಬದಲಾಗುವುದಿಲ್ಲವೆಂಬುದು ನಮಗೆ ತಿಳಿದಿದೆ. ಗಾಯಗೊಂಡವನ ಹಕ್ಕಿಗೂ ಇದರಿಂದ ಚ್ಯುತಿಯಿಲ್ಲ. ಆದರೆ ಆ ದಿನಾಂಕದ ಮುಂದಿನ ಚಲನ್‌ಗಳು ಯಾರಿಗೆ ಹೋಗಬೇಕೆಂದು ಪೊಲೀಸರಿಗೆ ತಿಳಿಯುತ್ತದೆ. 30 ದಿನ ಕಳೆದರೂ ಬಾರದ ಕೊಂಡವನಿಗೆ ಇಲಾಖೆಯೇ ನೋಟೀಸು ಕಳುಹಿಸಬಹುದಾಗುತ್ತದೆ. ಮಾರಿದವನ ಕೈಯಲ್ಲಿ ನ್ಯಾಯಮಂಡಳಿಯ ಮುಂದೆ ಇಡಲು ಒಂದು ಕಾಗದವಾದರೂ ಉಳಿಯುತ್ತದೆ.

ಖಾಲಿ ನಮೂನೆಗಳಿಗೆ ರುಜು ತೆಗೆದುಕೊಳ್ಳುವ ಪದ್ಧತಿಯನ್ನು ತಡೆಯಲು ಉಪಾಯ ಈಗಾಗಲೇ ಇದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾದ 55ಎ ಮುಂತಾದ ನಿಯಮಗಳ ಪ್ರಕಾರ, ಬಳಸಿದ ವಾಹನಗಳ ವ್ಯಾಪಾರಿಯು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರವನ್ನು ಪಡೆದಿರಬೇಕು, ಮತ್ತು ಮಾಲೀಕನು ವಾಹನವನ್ನು ಅವನಿಗೆ ಒಪ್ಪಿಸುವಾಗ 29ಸಿ ನಮೂನೆಯ ಮೂಲಕ ಪ್ರಾಧಿಕಾರಕ್ಕೆ ತಿಳಿಸಬೇಕು. ಅಂದಿನಿಂದ ವಾಹನದ ಹೊಣೆ ಆ ವ್ಯಾಪಾರಿಯದು. ನಮ್ಮ ಮಿತ್ರರು ಮಾರಿದ ಕಾಲಕ್ಕೆ ಈ ನಿಯಮವಿರಲಿಲ್ಲ; ಈಗ ಮಾರುವವರಿಗಂತೂ ಇದರ ಪ್ರಯೋಜನ ದೊರೆಯಬೇಕು. ಹೀಗೆ ಅಧಿಕಾರಪತ್ರ ಪಡೆದವರ ಪಟ್ಟಿಯನ್ನು ಪ್ರತಿಯೊಂದು ಸಾರಿಗೆ ಕಚೇರಿಯ ಗೋಡೆಯ ಮೇಲೆ ಹಚ್ಚಿಸಬೇಕೆಂದೂ, ಸೀಟಿನ ಮೇಲೆ ಕಾಗದ ಹರಡುವ ದಲ್ಲಾಳಿಯ ಹೆಸರು ಅದರಲ್ಲಿದೆಯೋ ಇಲ್ಲವೋ ಎಂದು ಮಾರುವವನು ನೋಡಿಕೊಳ್ಳುವಂತೆ ಪ್ರಚಾರ ಮಾಡಿಸಬೇಕೆಂದೂ ಪ್ರಾರ್ಥಿಸುತ್ತೇವೆ.

ಇನ್ನು ಕರ್ನಾಟಕದ ವಾಹನಗಳ ವಿಷಯ. ನಮ್ಮವರಲ್ಲಿ ಅನೇಕರು ಬೀದರದ ಕೆಎ-38, ಕಲಬುರಗಿಯ ಕೆಎ-32 ಸಂಖ್ಯೆಯ ಬೈಕುಗಳನ್ನು ಊರಿನ ಬಂಧುಗಳಿಂದ ಕೊಂಡು ತರುತ್ತಾರೆ. ಕೂಕಟ್‌ಪಲ್ಲಿಯಲ್ಲಿ ವಾಸವಾಗಿರುವ, ಭಾಲ್ಕಿಯ ಕಡೆಯ ಒಬ್ಬ ತರುಣನು ತನ್ನ ಸೋದರಮಾವನಿಂದ ಕೊಂಡ ಬೈಕಿಗಾಗಿ ಪಟ್ಟ ಪಾಡನ್ನು ಹೇಳಿದರೆ ಸಾಕು. ಅನ್ಯರಾಜ್ಯದ ವಾಹನಕ್ಕೆ ಮೊದಲು ಮೂಲ ಕಚೇರಿಯಿಂದ 28ನೆಯ ನಮೂನೆಯಲ್ಲಿ ಎನ್ಒಸಿ ಆಗಬೇಕು. ಆ ನಮೂನೆಯ ಪ್ರತಿಗಳ ಮೇಲೆ ಚಾಸಿಯ ಸಂಖ್ಯೆಯ ಪೆನ್ಸಿಲ್ ಪ್ರಿಂಟು ಬೇಕು. ಹ್ಯಾಂಡಲಿನ ಕೆಳಗೆ ಕೊರೆದಿರುವ ಸಂಖ್ಯೆಯ ಮೇಲೆ ತೆಳುಕಾಗದವನ್ನಿಟ್ಟು ಸೀಸದ ಕಡ್ಡಿಯನ್ನು ಅಡ್ಡಲಾಗಿ ಉಜ್ಜಿದಾಗ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಆದರೆ ಹಳೆಯ ಬೈಕಿನಲ್ಲಿ ಎಣ್ಣೆ ಧೂಳುಗಳ ಪದರವನ್ನು ಸೀಮೆಎಣ್ಣೆಯಲ್ಲಿ ತೊಳೆಯದೆ ಉಜ್ಜಿದರೆ 8 ಯಾವುದು, 3 ಯಾವುದು ಎಂದು ತಿಳಿಯುವುದಿಲ್ಲ. ಅವನ ಅರ್ಜಿ ಈ ಒಂದು ಅಂಕಿಗಾಗಿ ಮರಳಿತು. ಎರಡನೆಯ ಸಲ ಹೋದಾಗ, ಸೋದರಮಾವನು ನಾಲ್ಕು ವರ್ಷಗಳ ಹಿಂದೆಯೇ ತೀರಿಸಿದ್ದ ಸಾಲದ ನಮೂದು ಆರ್‌ಸಿಯಲ್ಲಿ ಹಾಗೆಯೇ ಉಳಿದಿರುವುದು ಬೆಳಕಿಗೆ ಬಂದಿತು; 35ನೆಯ ನಮೂನೆಗಾಗಿ ಮತ್ತೊಂದು ತಿಂಗಳು. ಎರಡು ದೋಷಗಳನ್ನೂ ಮೊದಲ ಸಲವೇ ಹೇಳಿದ್ದರೆ ಅವನಿಗೆ ಬೀದರಕ್ಕೆ ಒಂದು ಪ್ರಯಾಣ ಉಳಿಯುತ್ತಿತ್ತು, ಒಂದು ದಿನದ ಕೂಲಿಯೂ ಉಳಿಯುತ್ತಿತ್ತು.

ಎನ್ಒಸಿಯ ಅರ್ಜಿಗೆ 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅದು ದೊರೆತಂತೆಯೇ ಎಂದು 48ನೆಯ ಪ್ರಕರಣವು ಹೇಳುತ್ತದೆ. ಅಂಥ ಸಂದರ್ಭದಲ್ಲಿ ಮೂಲ ಕಚೇರಿಯ ದಿನಾಂಕಿತ ಸ್ವೀಕೃತಿಯನ್ನೇ ಇಲ್ಲಿಯ ಕಚೇರಿಗಳು ಸ್ವೀಕರಿಸಬೇಕೆಂದು ಆದೇಶವಾಗಬೇಕು. ಅನ್ಯರಾಜ್ಯದ ವಾಹನವನ್ನು ಮಾರಿದವನಿಗೆ ವರದಿ ಮಾಡಲು ಅಧಿನಿಯಮವು 14ರ ಬದಲು 45 ದಿನಗಳನ್ನು ಕೊಟ್ಟಿದೆಯೆಂಬುದನ್ನೂ ಕಚೇರಿಗಳ ಫಲಕಗಳಲ್ಲಿ ಬರೆಸಬೇಕು. ಇಲ್ಲಿ ಜೀವಾವಧಿ ತೆರಿಗೆಯನ್ನು ಕಟ್ಟಿ ಹೊಸ ಸಂಖ್ಯೆ ಪಡೆದವರಿಗೆ, ಕರ್ನಾಟಕದಲ್ಲಿ ಕಟ್ಟಿದ್ದ ತೆರಿಗೆಯ ಶೇಷಭಾಗವನ್ನು ಮರಳಿ ಕೇಳಲು ಅವಶ್ಯವಾದ ದೃಢೀಕರಣವನ್ನು ಬೇರೆ ಅರ್ಜಿ ಬರೆಸದೆ ಹೊಸ ಆರ್‌ಸಿಯೊಡನೆಯೇ ಕೊಡಿಸಬೇಕು.

ಕಡೆಯದಾಗಿ, 28, 29, 30 ಮತ್ತು 35ನೆಯ ನಮೂನೆಗಳನ್ನು ತುಂಬಿದ ಮಾದರಿಗಳನ್ನು ತೆಲುಗು, ಉರ್ದು ಭಾಷೆಗಳ ಜೊತೆಗೆ ಕನ್ನಡದಲ್ಲಿಯೂ ಅಚ್ಚು ಹಾಕಿಸಿ, ಕರ್ನಾಟಕದ ವಾಹನಗಳು ಹೆಚ್ಚಾಗಿ ಬರುವ ಕಚೇರಿಗಳಲ್ಲಿ ಇಡಿಸಬೇಕೆಂದು ಕೋರುತ್ತೇವೆ. ಕನ್ನಡದ ಪಾಠವನ್ನು ಸಿದ್ಧಪಡಿಸಿಕೊಡುವ ಶ್ರಮವನ್ನು ಸಂಭಾವನೆಯಿಲ್ಲದೆ ನಾವೇ ವಹಿಸಿಕೊಳ್ಳುತ್ತೇವೆ. ಆ ಮಾದರಿಯಲ್ಲಿ ಕೊಂಡವನ ಹೆಸರಿನ ಗೆರೆಯನ್ನೂ ದಿನಾಂಕದ ಗೆರೆಯನ್ನೂ ಕೆಂಪು ಮಸಿಯಲ್ಲಿ ಅಚ್ಚು ಮಾಡಿಸಿ, ಅವು ಖಾಲಿಯಿರುವಾಗ ರುಜು ಮಾಡಬಾರದೆಂದು ಪಕ್ಕದಲ್ಲಿಯೇ ಬರೆಸಿರೆಂಬುದು ಕಾಚಿಗೂಡದ ನಮ್ಮ ಮಿತ್ರರ ವಿಶೇಷ ಕೋರಿಕೆ.

ಇಂತಿ ತಮ್ಮ ವಿಧೇಯರು,
(ರುಜುಗಳನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದೆ)
ಹೈದರಾಬಾದು

ಪ್ರತಿ: ಮಾನ್ಯ ಸಾರಿಗೆ ಆಯುಕ್ತರು, ಕರ್ನಾಟಕ ಸರ್ಕಾರ, ಬೆಂಗಳೂರು, ಇವರಿಗೆ ಎನ್ಒಸಿ ಹಾಗೂ ತೆರಿಗೆ ಮರುಪಾವತಿಯ ವಿಷಯವಾಗಿ ಅವಗಾಹನೆಗಾಗಿ.